ಶರಣು ಬಿರುಕಿಗೆ ಹಾಕಿದ ಗುಳಿಗೆ

ಪ್ರಶ್ನೆ: ಡಾಕ್ಟ್ರೇ, ನಾನು ಸಿಂಧನೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮ ಮಕ್ಕಳು ಸ್ವಲ್ಪ ಹುಷಾರಾದ ಕೂಡಲೇ ಗುಳಿಗೆ ಬಿಟ್ಟುಬಿಡ್ತಾರೆ. "ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ರೋಗ ಬರುತ್ತೆ" ಅಂತ ಹೇಳ್ತೀನಿ. "ಹೆಂಗ್ರೀ ಟೀಚರ್?" ಅಂದರೆ ನನಗೇ ಉತ್ತರ ಗೊತ್ತಿಲ್ಲ. 6, 7ನೇ ತರಗತಿಯ ಮಕ್ಕಳಿಗೆ ಓದಿ ಹೇಳೋ ಹಾಗೆ ಒಂದು ಚಿಕ್ಕ ಕಥೆ ಬರೆದು ಕೊಡ್ತೀರಾ?

ಉತ್ತರ: ಬರೆದಿದ್ದೇನೆ. ಆದರೆ ಕಥೆಗೆ ಮೊದಲು ಒಂದು ಮಾತು. ನಾನು ಬೇಕಂತಲೇ ಟಿಬಿ ಕಾಯಿಲೆಯನ್ನು ಆರಿಸಿಕೊಂಡಿದ್ದೇನೆ. ನೆಗಡಿಗೆ, ವೈರಸ್‌ನಿಂದ ಬರುವ ಜ್ವರಕ್ಕೆ ಆ್ಯಂಟಿಬಯಾಟಿಕ್ ಬೇಕೇ ಇಲ್ಲ. ಮಕ್ಕಳ ಸಾಮಾನ್ಯ ನ್ಯುಮೋನಿಯಾದಂಥ ಕಾಯಿಲೆಗೆ ಮೊದಲು 10 ದಿನ ಕೊಡುತ್ತಿದ್ದೆವು. ಬೇಗ ಗುಣ ಕಾಣುತ್ತಿರುವ ಮಗುವಿಗೆ 5 ದಿನ ಸಾಕು ಅಂತ ಈಗ ತಿಳಿದಿದೆ. ಅಂದರೆ "ಯಾವ ಗುಳಿಗೆಯನ್ನಾದರೂ ಒಂದು ದಿನ ಮೊದಲೇ ಬಿಟ್ಟರೆ ರೋಗಾಣು ಬಲಿತುಬಿಡುತ್ತೆ" ಅನ್ನೋದು ಎಲ್ಲ ಕಾಯಿಲೆಗೂ ನಿಜವಲ್ಲ. ಆದರೆ ಟಿಬಿಯಲ್ಲಿ ಗುಳಿಗೆಯನ್ನು ಹಿಡಿಯೋದು, ಬಿಡೋದು ಮಾಡಿದರೆ ಹಾಗಾಗೋದು ಕಣ್ಣಿಗೆ ಕಟ್ಟುವಷ್ಟು ನಿಜ. ಮಕ್ಕಳಿಗೆ ಹೇಳುವ ಕಥೆಯೂ ನಿಜವೇ ಆಗಿರಬೇಕು, ಅಲ್ವಾ?

ಇನ್ನು ಕಥೆ.

ಮಾನ್ವಿ ಕಡೆ ಒಂದು ಹಳ್ಳಿ. ಸುತ್ತ ಎರೆ ಹೊಲ, ಹೊಲದ ತುಂಬ ಹತ್ತಿ. ಅಲ್ಲಿ ಶರಣು ಅನ್ನೋ ಹುಡುಗ ಇದ್ದ. ವಯಸ್ಸು 14. ಕ್ರಿಕೆಟ್‌ನಲ್ಲಿ ಅವನು ಬೌಲಿಂಗ್‌ಗೆ ಓಡಿ ಬಂದರೆ ಎದುರಿನವರು ಬ್ಯಾಟ್ ಗಟ್ಟಿ ಹಿಡಿಯುತ್ತಿದ್ದರು.

ದಸರಾ ಮುಗಿದ ಮೇಲೆ ಅವನಿಗೆ ಕೆಮ್ಮು ಶುರುವಾಯಿತು. ಒಂದು ವಾರ ಆಯಿತು, ಎರಡು ವಾರ ಆಯಿತು, ನಿಲ್ಲಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರುತ್ತಿದ್ದ. ಚಡ್ಡಿ ಸಡಿಲವಾಯಿತು. ಎರಡು ಹೆಜ್ಜೆ ಓಡಿದರೆ ಏದುಸಿರು.

ಆಶಾ ಅಕ್ಕ ಮನೆಗೆ ಬಂದಾಗ ಅವನ ಕೆಮ್ಮು ಕೇಳಿಸಿಕೊಂಡಳು. ಒಂದು ಚಿಕ್ಕ ಡಬ್ಬಿ ಕೊಟ್ಟು, "ಮುಂಜಾನೆ ಎದ್ದ ಕೂಡ್ಲೆ ಎದೆಯಾಳದಿಂದ ಕೆಮ್ಮಿ ಕಫ ತೆಗಿ. ಉಗುಳು ಬ್ಯಾಡ, ಕಫ ಬೇಕು" ಅಂದಳು. ಡಬ್ಬಿ ಪರೀಕ್ಷೆಗೆ ಹೋಯಿತು. ಟಿಬಿ ಅಂತ ಗೊತ್ತಾಯಿತು.

"ಹೆದರಬ್ಯಾಡ. ವಾಸಿ ಆಗೋ ಕಾಯಿಲೆ ಇದು" ಅಂದರು ಡಾಕ್ಟರ್. ತೂಕ ನೋಡಿದರು, 40 ಕೆಜಿ. "ದಿನಕ್ಕೆ 3 ಗುಳಿಗೆ, ಮೂರೂ ಒಂದೇ ಸಲ. ಒಂದೊಂದು ಗುಳಿಗೆಯಲ್ಲೂ ನಾಲ್ಕು ಔಷಧಿ ಸೇರಿವೆ. ಮೊದಲ 56 ದಿನ ಇವು. ಆಮೇಲೆ 112 ದಿನ ಮೂರು ಔಷಧಿ ಇರೋ ಗುಳಿಗೆ. ಒಟ್ಟು 168 ದಿನ."

"168 ದಿನಾನಾ?" ಅಂದ ಶರಣು.

"ಹೂಂ. ಇನ್ನೊಂದು ಮಾತು. ನಿನ್ನ ಮೂತ್ರ ಕಿತ್ತಳೆ ಬಣ್ಣ ಆಗುತ್ತೆ. ಗುಳಿಗೆಯಲ್ಲಿ ಒಂದು ಕೆಂಪು ಔಷಧಿ ಇದೆ, ಇದು ಅದರ ಬಣ್ಣ. ರಕ್ತ ಅಲ್ಲ."

ಶರಣು ಮನೆಗೆ ಬಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ದಿನಕ್ಕೊಂದು ಗೆರೆ.

ಈಗ ನಾವು ಶರಣುವಿನ ಎದೆಯೊಳಗೆ ಇಳಿದು ನೋಡೋಣ. ಅವನ ಶ್ವಾಸಕೋಶದಲ್ಲಿ ಅಡಿಕೆ ಗಾತ್ರದ ಒಂದು ಪೊಳ್ಳು ಇತ್ತು. ಅದರೊಳಗೆ ಸುಮಾರು 10 ಕೋಟಿ ಟಿಬಿ ರೋಗಾಣುಗಳು. ಹೆಚ್ಚಿನವು ತಿಂದು, ಕೊಬ್ಬಿ, ಒಂದು ಎರಡಾಗುತ್ತಿದ್ದವು. ಕೆಲವು ಮಾತ್ರ ಮೂಲೆ ಸೇರಿ ನಿದ್ದೆ ಹೊಡೆಯುತ್ತಿದ್ದವು. ಔಷಧಿ ಬಂದ ಕೂಡಲೇ ಎಚ್ಚರವಿದ್ದವು ಸಾಲು ಸಾಲಾಗಿ ಸತ್ತವು. ನಿದ್ದೆಯಲ್ಲಿದ್ದವು ತಿನ್ನುವುದಿಲ್ಲ, ಬೆಳೆಯುವುದಿಲ್ಲ. ಅದಕ್ಕೇ ಅವುಗಳಿಗೆ ಔಷಧಿ ಅಷ್ಟು ಬೇಗ ತಟ್ಟುವುದಿಲ್ಲ. ಅವು ಆಗೊಂದು ಈಗೊಂದು ಏಳುತ್ತವೆ. ಎದ್ದಾಗ ಔಷಧಿ ಅಲ್ಲೇ ಇರಬೇಕು. 168 ದಿನ ಬೇಕಾಗಿದ್ದು ಈ ಮಲಗಿದ್ದವಕ್ಕಾಗಿ.

ಮೂರು ವಾರದಲ್ಲಿ ಶರಣುವಿನ ಜ್ವರ ಹೋಯಿತು. ಒಂದು ತಿಂಗಳಿಗೆ ಕೆಮ್ಮು ನಿಂತಿತು. ಎರಡು ತಿಂಗಳಾದ ಮೇಲೆ ಮತ್ತೆ ಕಫ ನೋಡಿದರು, ರೋಗಾಣು ಕಾಣಲಿಲ್ಲ. ತೂಕ 44 ಕೆಜಿ ಆಗಿತ್ತು. ಅವ್ವ ಆವತ್ತು ಹೋಳಿಗೆ ಮಾಡಿದಳು.

ಜನವರಿಯಲ್ಲಿ ಎಲ್ಲರೂ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದರು. ಶರಣು ಗುಳಿಗೆ ತೆಗೆದುಕೊಂಡು ಹೋಗಲಿಲ್ಲ. ಮೂರು ದಿನ ತಪ್ಪಿತು, ಏನೂ ಆಗಲಿಲ್ಲ. ಮೂತ್ರವೂ ಮೊದಲಿನ ಬಣ್ಣಕ್ಕೆ ಬಂದಿತ್ತು. "ವಾಸಿ ಆಗೇತಿ. ಇನ್ನ್ಯಾಕ ಈ ಗುಳಿಗಿ?" ಅಂದುಕೊಂಡ.

ಊರಿಗೆ ಬಂದ ಮೇಲೆ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ ಹಾಗೆ ಮಾಡುತ್ತಿದ್ದ. ಆಮೇಲೆ ಹೊಲಕ್ಕೆ ಹೋಗಿ ಉಗುಳುತ್ತಿದ್ದ. ಎರೆ ಹೊಲ ಒಣಗಿದರೆ ಬಿರುಕು ಬಿಡುತ್ತಲ್ಲ, ಕೈ ಹೋಗುವಷ್ಟು ಆಳದ ಬಿರುಕು? ಅದರೊಳಗೆ. ಗೋಡೆಯ ಮೇಲೆ ಗೆರೆ ಮಾತ್ರ ದಿನಾ ಎಳೆಯುತ್ತಿದ್ದ.

ಮಾರ್ಚ್‌ನಲ್ಲಿ ಸಣ್ಣಗೆ ಕೆಮ್ಮು ಬಂತು. ಹೆದರಿ ನಾಲ್ಕು ದಿನ ಗುಳಿಗೆ ನುಂಗಿದ. ಕೆಮ್ಮು ಕಡಿಮೆಯಾಯಿತು, ಬಿಟ್ಟ. ಮತ್ತೆ ಬಂತು, ಮೂರು ನುಂಗುವ ಕಡೆ ಒಂದೇ ನುಂಗಿದ. ಮತ್ತೆ ಬಿಟ್ಟ. ಹೀಗೇ ಹಿಡಿಯೋದು, ಬಿಡೋದು.

ಹತ್ತಿ ಕಟ್ಟಿಗೆ ಕೀಳುತ್ತಿದ್ದ ಅಜ್ಜನಿಗೆ ಒಂದು ದಿನ ಬಿರುಕಿನಲ್ಲಿ ಏನೋ ಕಂಡಿತು. ಕೆಂಪು ಬಣ್ಣದ ಗುಳಿಗೆ. ಅರ್ಧ ಕರಗಿ ಮಣ್ಣಿಗೆ ಅಂಟಿತ್ತು. ಸುತ್ತ ಮಣ್ಣು ಕೆಂಪಾಗಿತ್ತು. ಅಜ್ಜ ಕಡ್ಡಿಯಿಂದ ಕೆದಕಿದ. ಇನ್ನೊಂದು, ಮತ್ತೊಂದು.

ಅಜ್ಜ ಬೈಯಲಿಲ್ಲ. ಬದುವಿನ ಮೇಲೆ ಕೂತು ಶರಣುವನ್ನು ಪಕ್ಕಕ್ಕೆ ಕರೆದ.

"ಇಲ್ಲಿ ನೋಡು, ಕರಕಿ" ಅಂತ ಒಂದು ಹುಲ್ಲಿನ ಎಸಳು ಹಿಡಿದು ಜಗ್ಗಿದ. ಎಸಳು ಕಿತ್ತು ಬಂತು, ಬೇರು ಉಳಿಯಿತು. "ಮ್ಯಾಲೆ ನೋಡಿದರ ಹೊಲ ಹಸನಾಗೇತಿ. ಒಂದು ಮಳಿ ಬಿದ್ದರ?"

"ಮತ್ತ ಬರ್ತದ" ಅಂದ ಶರಣು.

"ಹೂಂ. ಇನ್ನೊಂದು ಕೇಳು. ಹಿಂದ ಹತ್ತಿಗೆ ಕಾಯಿಕೊರಕ ಹುಳ ಬಿದ್ದಾಗ ರೊಕ್ಕ ಉಳೀಲಿ ಅಂತ ಎಣ್ಣಿಗೆ ನೀರು ಜಾಸ್ತಿ ಹಾಕಿ ಹೊಡದೆ. ಮುಕ್ಕಾಲು ಹುಳ ಸತ್ತವು, ಸಾಕು ಅಂತ ಬಿಟ್ಟೆ. ಉಳಿದ ಹುಳ ಯಾವು ಹೇಳು? ಆ ಎಣ್ಣಿ ತಡಕೊಳ್ಳೋ ಅಂಥವು. ಮುಂದ ಅವುಗಳ ಮಕ್ಕಳು, ಮೊಮ್ಮಕ್ಕಳು. ಆಮ್ಯಾಲೆ ಡಬ್ಬಿ ಡಬ್ಬಿ ಅದೇ ಎಣ್ಣಿ ಹೊಡದೆ. ಹುಳ ಅಲ್ಲಾಡಲಿಲ್ಲ."

ಶರಣುವಿಗೆ ಎದೆ ಧಸಕ್ಕೆಂದಿತು. ಅಜ್ಜ ಅವನನ್ನು ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಮತ್ತೆ ಕಫದ ಡಬ್ಬಿ. ಎರಡು ಗಂಟೆಯಲ್ಲಿ ಮೆಷಿನ್ ಉತ್ತರ ಕೊಟ್ಟಿತು. ರೋಗಾಣು ಇದೆ. ಕೆಂಪು ಔಷಧಿಗೆ ಅದು ಈಗ ಸಾಯುವುದಿಲ್ಲ.

"ಆದರೆ ಕಳೆದ ವಾರ ನುಂಗಿದಾಗ ಮೂತ್ರ ಕಿತ್ತಳೆ ಆಗಿತ್ತಲ್ಲ?" ಅಂದ ಶರಣು.

"ಬಣ್ಣ ಬಂದರೆ ಔಷಧಿ ನಿನ್ನ ಹೊಟ್ಟೆಗೆ ಹೋಗಿದೆ ಅಂತ ಅರ್ಥ" ಅಂದರು ಡಾಕ್ಟರ್. "ರೋಗಾಣು ಸತ್ತಿದೆ ಅಂತ ಅಲ್ಲ."

ಬೇರೆ ಗುಂಪಿನ ಔಷಧಿ ಶುರುವಾಯಿತು. ಲೆಕ್ಕ ಮತ್ತೆ ಒಂದನೇ ದಿನದಿಂದ. ಆಗಾಗ ರಕ್ತ ಪರೀಕ್ಷೆ, ಎದೆಗೆ ತಂತಿ ಅಂಟಿಸಿ ಇಸಿಜಿ. ಕೆಲವು ದಿನ ಹೊಟ್ಟೆ ತೊಳಸುತ್ತಿತ್ತು. ತಂಗಿ ಗೌರಿಯನ್ನೂ ಪರೀಕ್ಷೆ ಮಾಡಿದರು. ಯಾಕೆಂದರೆ ಶರಣು ಕೆಮ್ಮಿದಾಗ ಗಾಳಿಗೆ ಹೋಗುತ್ತಿದ್ದದ್ದು ಈಗ ಹಳೇ ರೋಗಾಣು ಅಲ್ಲ, ಕೆಂಪು ಔಷಧಿಗೆ ಬಗ್ಗದ ಹೊಸ ರೋಗಾಣು. ಗೌರಿ ಒಂದು ದಿನವೂ ಗುಳಿಗೆ ತಪ್ಪಿಸಿದವಳಲ್ಲ. ಅವಳಿಗೆ ಗುಳಿಗೆಯೇ ಇರಲಿಲ್ಲ. ಆದರೂ ಆ ರೋಗಾಣು ಅವಳಿಗೆ ಅಂಟಬಹುದಿತ್ತು.

ಗೌರಿಗೆ ಏನೂ ಆಗಿರಲಿಲ್ಲ. ಮನೆಗೆ ಬಂದ ಸಂಜೆ ಶರಣು ಗೋಡೆಯ ಮೇಲಿನ ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದ. ಗುಳಿಗೆ ನುಂಗಿ ಬಾಯಿ ತೆರೆದು ಅಜ್ಜನಿಗೆ ತೋರಿಸಿದ. ಆಮೇಲೆ ಒಂದು ಗೆರೆ ಎಳೆದ.

ಕಥೆ ಇಷ್ಟೇ. ಇದನ್ನು ಓದಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ನಿಮ್ಮ ಹತ್ತಿರ ಉತ್ತರ ಇರಬೇಕಲ್ಲ, ಅದಕ್ಕೆ ಸ್ವಲ್ಪ ವಿವರ ಹೇಳುತ್ತೇನೆ.

ಮೊದಲನೆಯದು, "ಶರಣುನ ಮೈಗೆ ಔಷಧಿ ಒಗ್ಗಿಬಿಡ್ತಾ?" ಅಂತ ಕೇಳುತ್ತಾರೆ. ದೊಡ್ಡವರೂ ಹೀಗೇ ತಿಳಿದಿರುತ್ತಾರೆ. ಇಲ್ಲ. ಮೈ ಬದಲಾಗಿಲ್ಲ, ಬದಲಾಗಿದ್ದು ರೋಗಾಣುಗಳ ಗುಂಪು. ರೋಗಾಣು ಔಷಧಿಯನ್ನು ನೋಡಿ ಕಲಿಯುವುದೂ ಇಲ್ಲ. ಒಂದು ಎರಡಾಗುವಾಗ ಅಪರೂಪಕ್ಕೆ ತಪ್ಪು ನಕಲು ಆಗುತ್ತದೆ. ಮಕ್ಕಳು ಬೋರ್ಡ್ ನೋಡಿ ಬರೆಯುವಾಗ ಒಂದು ಅಕ್ಷರ ತಪ್ಪುವುದಿಲ್ಲವೇ, ಹಾಗೆ. ಆ ತಪ್ಪಿನಿಂದಲೇ ಕೆಲವೊಮ್ಮೆ ಒಂದು ಔಷಧಿ ಅದಕ್ಕೆ ನಾಟದಂತಾಗುತ್ತದೆ. ಇದು ಔಷಧಿ ಬರುವ ಮೊದಲೇ ಆಗಿರುತ್ತದೆ. ಔಷಧಿ ಮಾಡುವುದು ಆಯ್ಕೆ ಅಷ್ಟೇ. ಉಳಿದವನ್ನು ಕೊಂದು ಆ ಒಂದಕ್ಕೆ ಜಾಗ ಖಾಲಿ ಮಾಡಿಕೊಡುತ್ತದೆ. ಅಜ್ಜನ ಹುಳದ ಕಥೆಯನ್ನು ಇದಕ್ಕಾಗಿಯೇ ಇಟ್ಟೆ. ನಮ್ಮ ಕಡೆ ಹತ್ತಿ ಬೆಳೆಯುವ ಮನೆಯ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಎರಡನೆಯದು, ನಾಲ್ಕು ಔಷಧಿ ಯಾಕೆ ಅನ್ನೋ ಪ್ರಶ್ನೆ. ಇದನ್ನು ಗಣಿತದ ಪೀರಿಯಡ್‌ನಲ್ಲೇ ಹೇಳಿಕೊಡಬಹುದು. ಐಸೋನಿಯಾಜಿಡ್ ಅನ್ನೋ ಔಷಧಿಗೆ ಬಗ್ಗದ ರೋಗಾಣು ಸುಮಾರು 10 ಲಕ್ಷಕ್ಕೆ ಒಂದು ಇರುತ್ತದೆ. ರಿಫಾಂಪಿಸಿನ್, ಅದೇ ಕಥೆಯ ಕೆಂಪು ಔಷಧಿ, ಅದಕ್ಕೆ ಬಗ್ಗದ್ದು ಸುಮಾರು 10 ಕೋಟಿಗೆ ಒಂದು. ಹಾಗಾದರೆ ಶರಣುವಿನ 10 ಕೋಟಿಯಲ್ಲಿ ಮೊದಲನೆಯದಕ್ಕೆ ಬಗ್ಗದವು ಸುಮಾರು 100, ಕೆಂಪು ಔಷಧಿಗೆ ಬಗ್ಗದ್ದು ಒಂದು. ಎರಡಕ್ಕೂ ಬಗ್ಗದ್ದು ಬೇಕೆಂದರೆ ಎರಡನ್ನೂ ಗುಣಿಸಬೇಕು. ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ರೋಗಾಣುಗಳಲ್ಲಿ ಒಂದು ಸಿಗುತ್ತದೆ. ಅಷ್ಟು ರೋಗಾಣು ಯಾರ ಮೈಯಲ್ಲೂ ಇರುವುದಿಲ್ಲ. ಒಂದು ಔಷಧಿಯಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತದೆ.

ಇದನ್ನು ವೈದ್ಯರು ಕಲಿತದ್ದು ಕಷ್ಟಪಟ್ಟೇ. ಸ್ಟ್ರೆಪ್ಟೊಮೈಸಿನ್ ಸಿಕ್ಕಾಗ ಟಿಬಿಗೆ ಮದ್ದು ಬಂತು ಅಂತ ಎಲ್ಲರೂ ಸಂತೋಷಪಟ್ಟರು. 1948ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದೊಂದನ್ನೇ ಕೊಟ್ಟಿದ್ದರು. ಮೊದಲ ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಜನ ತೀರಿಕೊಂಡರು, ಪಡೆಯದ 52 ಜನರಲ್ಲಿ 14. ದೊಡ್ಡ ಗೆಲುವು ಅನ್ನಿಸಿತು. ಆದರೆ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ರೋಗಾಣು ಆ ಔಷಧಿಗೆ ಬಗ್ಗದಂತಾಯಿತು, ಮತ್ತೆ ಕಾಯಿಲೆ ಬಿದ್ದರು. ಔಷಧಿಗಳನ್ನು ಜೊತೆಯಾಗಿ ಕೊಡುವುದು ಆಮೇಲೆ ರೂಢಿಗೆ ಬಂತು.

ಇಲ್ಲಿ ಚುರುಕಾದ ಮಗು ಒಂದು ತಕರಾರು ತೆಗೆಯಬಹುದು. ಎಲ್ಲ ಔಷಧಿಯೂ ಒಂದೇ ಗುಳಿಗೆಯಲ್ಲಿ ಇದ್ದರೆ, ಬಿಡುವಾಗಲೂ ಎಲ್ಲವನ್ನೂ ಒಟ್ಟಿಗೇ ಬಿಟ್ಟ ಹಾಗಾಯಿತಲ್ಲ? ರೋಗಾಣು ತಪ್ಪಿಸಿಕೊಂಡಿದ್ದು ಹೇಗೆ? ಒಳ್ಳೆಯ ಪ್ರಶ್ನೆ. ಎಲ್ಲ ಔಷಧಿಯ ಪ್ರಭಾವವೂ ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಒಂದರದ್ದು ಬೇಗ ಹೋಗುತ್ತದೆ, ಇನ್ನೊಂದರದ್ದು ನಿಧಾನ. ಆ ಸಂದಿಯಲ್ಲಿ ಕಾವಲಿಗೆ ಒಂದೇ ಔಷಧಿ ಉಳಿದಿರುತ್ತದೆ. ಅದಕ್ಕೆ ಬಗ್ಗದ ರೋಗಾಣು ಆಗಲೇ ಮುಂದೆ ಬರುತ್ತದೆ. ಒಂದು ಸಲ ಪೂರ್ತಿ ಬಿಟ್ಟವರಿಗೆ ಟಿಬಿ ಮರಳಿದರೂ ಅನೇಕ ವೇಳೆ ಅದು ಹಳೇ ಔಷಧಿಗೇ ಬಗ್ಗುತ್ತದೆ. ಹಿಡಿಯೋದು, ಬಿಡೋದು, ಮೂರರ ಬದಲು ಒಂದು ನುಂಗೋದು, ಇವೇ ಹೆಚ್ಚು ಅಪಾಯ. ಪ್ರತಿ ಸಲವೂ ರೋಗಾಣು ಮತ್ತೆ ಬೆಳೆದು ಹೊಸ ತಪ್ಪು ನಕಲುಗಳು ಹುಟ್ಟುತ್ತವೆ, ಪ್ರತಿ ಸಲವೂ ಅದೇ ಸಂದಿ ಸಿಗುತ್ತದೆ. ಶರಣು ಬರೀ ಗುಳಿಗೆ ಬಿಟ್ಟ ಅಂತ ಬರೆಯದೆ, ಆಗಾಗ ಹಿಡಿದು ಬಿಟ್ಟ ಅಂತ ಬರೆದದ್ದು ಅದಕ್ಕೇ. ಓದುವಾಗ ಆ ಸಾಲುಗಳನ್ನು ಬಿಡಬೇಡಿ.

ಎರಡು ತಿಂಗಳಿಗೆ ಕಫದಲ್ಲಿ ಏನೂ ಕಾಣಲಿಲ್ಲ ಅಂದೆನಲ್ಲ, ಅದನ್ನೂ ಬಿಡಿಸಿ ಹೇಳಿ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿ ಕಫದಲ್ಲಿ 5ರಿಂದ 10 ಸಾವಿರ ರೋಗಾಣುವಾದರೂ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ಬೀಳುವುದಿಲ್ಲ. ಕರಕಿಯ ಬೇರಿನ ಹಾಗೆ.

ತರಗತಿಯಲ್ಲಿ ಮಾಡಿಸಲು ಒಂದು ಆಟ ಇದೆ. ಒಂದು ತಟ್ಟೆಯಲ್ಲಿ 40 ಬಿಳಿ ಜೋಳದ ಕಾಳು, 2 ಕೆಂಪು ತೊಗರಿ ಕಾಳು, 2 ಹೆಸರುಕಾಳು ಹಾಕಿ. ಒಂದು ಮಗುವಿನ ಎಡಗೈ ಒಂದು ಔಷಧಿ, ಬಲಗೈ ಇನ್ನೊಂದು. ಎಡಗೈ ಜೋಳ ಮತ್ತು ಹೆಸರು ಎತ್ತಬಹುದು, ತೊಗರಿ ಮುಟ್ಟುವಂತಿಲ್ಲ. ಬಲಗೈ ಜೋಳ ಮತ್ತು ತೊಗರಿ ಎತ್ತಬಹುದು, ಹೆಸರು ಮುಟ್ಟುವಂತಿಲ್ಲ. ಎರಡೂ ಕೈ ಸೇರಿ ಕೊನೆಯವರೆಗೆ ಎತ್ತಿದರೆ ತಟ್ಟೆ ಖಾಲಿ. ಆಮೇಲೆ ಮತ್ತೆ ತುಂಬಿಸಿ, ಎಡಗೈಯಲ್ಲಿ ಮಾತ್ರ ಎತ್ತಲು ಹೇಳಿ. ತೊಗರಿ ಎರಡೂ ಉಳಿಯುತ್ತವೆ. ಉಳಿದದ್ದನ್ನು ದುಪ್ಪಟ್ಟು ಮಾಡುತ್ತಾ ಹೋಗಿ, 2, 4, 8, 16, 32. ಈಗ ಇಡೀ ತಟ್ಟೆ ಕೆಂಪು. "ಈಗ ಎಡಗೈಯಿಂದ ಎತ್ತು" ಅನ್ನಿ. ಮಗು ಸುಮ್ನೆ ಕೈ ಚಾಚಿ ನಿಲ್ಲುತ್ತದೆ. ಹೆಚ್ಚು ವಿವರಿಸಲು ಹೋಗಬೇಡಿ, ಮಕ್ಕಳೇ ಹೇಳುತ್ತಾರೆ.

ಒಂದು ಎಚ್ಚರಿಕೆಯನ್ನು ಕಥೆಯ ಜೊತೆಗೇ ಹೇಳಬೇಕು. ಔಷಧಿ ನುಂಗುವಾಗ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಮುಂದಿನ ಗುಳಿಗೆ ನುಂಗದೆ ಆವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಏನು ಮಾಡಬೇಕೆಂದು ಅವರು ಹೇಳುತ್ತಾರೆ. ಒಂದು ದಿನ ಮರೆತರೆ ಮರುದಿನ ಎರಡು ದಿನದ್ದು ಒಟ್ಟಿಗೆ ನುಂಗಬಾರದು. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಲೆಕ್ಕವನ್ನು ಅವರು ಸರಿ ಮಾಡುತ್ತಾರೆ.

ಕಥೆ ಓದಿದ ದಿನ ಯಾರಾದರೂ ಒಂದು ಮಗು ಉಳಿದವರೆಲ್ಲ ಹೋದ ಮೇಲೆ ನಿಮ್ಮ ಹತ್ತಿರ ಬಂದು, "ನಮ್ಮ ಅಪ್ಪಂದೂ ಹಿಂಗಾ ಅದ" ಅನ್ನಬಹುದು. ಆ ಮಗುವನ್ನು ಹಿಂದಿನ ಬೆಂಚಿಗೆ ಕಳಿಸಬೇಡಿ. ಅಪ್ಪ ಸರಿಯಾದ ಔಷಧಿಯನ್ನು ದಿನಾ ನುಂಗುತ್ತಿದ್ದರೆ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಅಂಟುವುದು ತುಂಬಾ ಕಡಿಮೆಯಾಗುತ್ತದೆ. ಅಪ್ಪ ಗುಳಿಗೆ ಬಿಟ್ಟಿದ್ದಾರಾ ಅಂತ ಮೆಲ್ಲಗೆ ಕೇಳಿ. ಬಿಟ್ಟಿದ್ದರೆ ಹಳೇ ಗುಳಿಗೆಯನ್ನು ಅವರೇ ಮತ್ತೆ ಶುರು ಮಾಡುವುದು ಬೇಡ, ಮೊದಲು ಕಫದ ಪರೀಕ್ಷೆ ಆಗಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೂ ದುಡ್ಡಿಲ್ಲ, ಔಷಧಿಗೂ ದುಡ್ಡಿಲ್ಲ. ಹೋಗುವಾಗ ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಲು ಹೇಳಿ.